ಶಾವಿಗೆ, ನೂಡಲ್ಸ್ ಮತ್ತು ಪಾಸ್ತಾ ಬಸಿಯುವಿಕೆ

'''ಶಾವಿಗೆ, ನೂಡಲ್ಸ್ ಮತ್ತು ಪಾಸ್ತಾ ಬಸಿಯುವಿಕೆ''' ಎಂದರೆ ಹಿಟ್ಟು ಅಥವಾ ರವೆಯಿಂದ ಎಳೆಗಳಾಗಿ ಇಲ್ಲವೆ ಸಣ್ಣ ತುಂಡುಗಳಾಗಿ ತಯಾರಿಸಿ ಒಣಗಿಸಿದ ಆಹಾರವನ್ನು ಉಪ್ಪು ಬೆರೆಸಿದ ಕುದಿಯುವ ನೀರಿನಲ್ಲಿ ಬೇಯಿಸಿ, ಹೆಚ್ಚಿನ ನೀರನ್ನು ಬಸಿದು ತೆಗೆಯುವ ಅಡುಗೆ ವಿಧಾನ. ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ನೋಡಿಕೊಳ್ಳುವುದು ಇದರ ಮುಖ್ಯ ಉದ್ದೇಶವಾಗಿದೆ. ಬಸಿದ ಪಿಷ್ಟಯುಕ್ತ ನೀರನ್ನು ಚೆಲ್ಲದೆ ಉಳಿಸಿಕೊಂಡು ಅಡುಗೆಗೆ ಬಳಸುವುದೂ ಈ ವಿಧಾನದ ಒಂದು ಅಂಗ.

ಬಸಿಯುವುದು ಕರ್ನಾಟಕದ ಅಡುಗೆಮನೆಗೆ ಹೊಸದಲ್ಲ. ಅನ್ನವನ್ನು ಬಸಿದು ಗಂಜಿ ತೆಗೆಯುವುದು ಹಿಂದಿನಿಂದ ನಡೆದುಬಂದಿದೆ. ಮಾಗಡಿ, ಕುದೂರು, ಕನಕಪುರ, ಚನ್ನಪಟ್ಟಣ ಮೊದಲಾದ ರಾಗಿ ಸೀಮೆಯಲ್ಲಿ ಕಾಳು ಮತ್ತು ಸೊಪ್ಪು ಬೇಯಿಸಿದ ನೀರನ್ನು ಬಸಿದು, ಅದರಿಂದಲೇ ಬಸ್ಸಾರು ಮಾಡಿ ಮುದ್ದೆಯೊಂದಿಗೆ ಉಣ್ಣುತ್ತಾರೆ. ಬೇಯಿಸಿದ ನೀರಿನಲ್ಲಿ ರುಚಿಯೂ ಸತ್ವವೂ ಉಳಿದಿರುತ್ತವೆ ಎಂಬ ಈ ತಿಳಿವಳಿಕೆಯೇ ಇಟಲಿಯ ಪಾಸ್ತಾ ಅಡುಗೆಯಲ್ಲಿಯೂ ಕಂಡುಬರುತ್ತದೆ.

== ಅಂಟಿಕೊಳ್ಳಲು ಕಾರಣ ==

ಗೋಧಿಯ ಶಾವಿಗೆ, ನೂಡಲ್ಸ್ ಮತ್ತು ಪಾಸ್ತಾಗಳಲ್ಲಿ ಪಿಷ್ಟ ಮತ್ತು ಗ್ಲುಟೆನ್ ಎಂಬ ಪ್ರೋಟೀನು ಮುಖ್ಯವಾದವು. ಪಿಷ್ಟವು ಅತಿ ಸಣ್ಣ ಕಣಗಳ ರೂಪದಲ್ಲಿದ್ದು, ಗ್ಲುಟೆನ್ ಅವುಗಳ ಸುತ್ತ ಬಲೆಯಂತೆ ಹರಡಿಕೊಂಡಿರುತ್ತದೆ. ನೀರಿನ ಉಷ್ಣತೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗೋಧಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬತೊಡಗುತ್ತವೆ. ಇನ್ನೂ ಹೆಚ್ಚು ಬಿಸಿಯಾದಾಗ ಕೆಲವು ಕಣಗಳು ಒಡೆದು, ಅವುಗಳೊಳಗಿನ ಪಿಷ್ಟ ಹೊರಬಂದು ಅಂಟಿನಂತಾಗುತ್ತದೆ. ಮೈದಾ ಹಿಟ್ಟನ್ನು ನೀರಿನಲ್ಲಿ ಕಾಯಿಸಿ ಕಾಗದ ಅಂಟಿಸುವ ಗೋಂದು ತಯಾರಿಸುವಾಗ ನಡೆಯುವುದೂ ಇದೇ ಕ್ರಿಯೆ.

ಎಳೆಗಳು ಅಂಟಿಕೊಳ್ಳುವ ಅಪಾಯ ಎರಡು ಹಂತಗಳಲ್ಲಿ ಹೆಚ್ಚಾಗಿರುತ್ತದೆ. ಮೊದಲನೆಯದು ಎಳೆಗಳನ್ನು ನೀರಿಗೆ ಹಾಕಿದ ಮೊದಲ ಒಂದೆರಡು ನಿಮಿಷ. ಆಗ ಎಳೆಯ ಹೊರಮೈಯಲ್ಲಿರುವ ಪಿಷ್ಟ ನೀರು ಹೀರಿ ಜಿಗುಟಾಗಿರುತ್ತದೆ, ಆದರೆ ಇನ್ನೂ ನೀರಿನಲ್ಲಿ ಬಿಟ್ಟುಹೋಗಿರುವುದಿಲ್ಲ. ಈ ಸ್ಥಿತಿಯಲ್ಲಿ ಎರಡು ಎಳೆಗಳು ಅಲುಗಾಡದೆ ಒಂದಕ್ಕೊಂದು ತಾಗಿಕೊಂಡಿದ್ದರೆ ಅವು ಬೆಸೆದುಕೊಂಡೇ ಬೇಯುತ್ತವೆ. ಹೀಗೆ ಬೆಸೆದ ಜಾಗಕ್ಕೆ ನೀರು ತಲುಪದ ಕಾರಣ ಅದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೆಂದ ಶಾವಿಗೆಯಲ್ಲಿ ಅಲ್ಲಲ್ಲಿ ಸಿಗುವ ಗಟ್ಟಿಯಾದ ಬಿಳಿಯ ಗಂಟುಗಳು ಈ ಕಾರಣದಿಂದಲೇ ಉಂಟಾಗುತ್ತವೆ.

ಎರಡನೆಯ ಹಂತ ಬಸಿದ ನಂತರದ್ದು. ನೀರು ಹೊರಟುಹೋದ ಮೇಲೆ ಎಳೆಗಳ ಮೇಲೆ ಪಿಷ್ಟದ ತೆಳುವಾದ ಪದರವೊಂದು ಉಳಿಯುತ್ತದೆ. ಹಬೆಯ ರೂಪದಲ್ಲಿ ತೇವ ಆರುತ್ತಾ ಬಂದಂತೆ, ಶಾಖ ಇಳಿಯುತ್ತಾ ಬಂದಂತೆ ಈ ಪದರ ಗಟ್ಟಿಯಾಗುತ್ತದೆ. ಬಸಿದ ಶಾವಿಗೆಯನ್ನು ಜರಡಿಯಲ್ಲಿಯೇ ಹತ್ತು ನಿಮಿಷ ಬಿಟ್ಟರೆ ಅದು ಜರಡಿಯ ಆಕಾರದಲ್ಲಿಯೇ ಒಂದು ಗಡ್ಡೆಯಾಗಿ ಹೊರಬರುವುದು ಇದರಿಂದ.

ಈ ಎರಡು ಹಂತಗಳಿಗೆ ಪರಿಹಾರಗಳೂ ಬೇರೆಬೇರೆ. ಮೊದಲ ಹಂತದಲ್ಲಿ ಬೇಕಾದುದು ಕುದಿಯುವ ನೀರು ಮತ್ತು ಕಲಕುವಿಕೆ. ಎರಡನೆಯ ಹಂತದಲ್ಲಿ ಬೇಕಾದುದು ತೊಳೆಯುವಿಕೆ, ಎಣ್ಣೆಯ ಲೇಪ, ಇಲ್ಲವೆ ತಡಮಾಡದೆ ಸಾರು ಅಥವಾ ಗೊಜ್ಜಿನೊಂದಿಗೆ ಬೆರೆಸುವುದು. ಕುದಿಯುವ ನೀರಿಗೆ ಎಣ್ಣೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಎಣ್ಣೆ ನೀರಿನ ಮೇಲೆ ತೇಲುವುದರಿಂದ ನೀರಿನೊಳಗಿರುವ ಎಳೆಗಳನ್ನು ಅದು ಹೆಚ್ಚಾಗಿ ತಲುಪುವುದಿಲ್ಲ. ನೊರೆ ಉಕ್ಕಿ ಹೊರಚೆಲ್ಲುವುದನ್ನು ಅದು ಸ್ವಲ್ಪಮಟ್ಟಿಗೆ ತಡೆಯುತ್ತದೆಯೇ ಹೊರತು ಅಂಟುವುದನ್ನು ತಡೆಯುವಲ್ಲಿ ಅದರ ಪಾತ್ರ ಅಲ್ಪ.

== ನೀರಿನ ಪ್ರಮಾಣ ಮತ್ತು ಕುದಿತ ==

ಇಟಲಿಯ ಅಡುಗೆಯಲ್ಲಿ 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು ಮತ್ತು 10 ಗ್ರಾಂ ಉಪ್ಪು ಎಂಬ ಸರಳ ಲೆಕ್ಕ ರೂಢಿಯಲ್ಲಿದೆ. ನೀರು ಹೆಚ್ಚಿದ್ದರೆ ಎಳೆಗಳ ನಡುವೆ ಅಂತರ ಉಳಿಯುತ್ತದೆ, ಹೊರಬಂದ ಪಿಷ್ಟ ತಿಳಿಯಾಗಿ ಹರಡುತ್ತದೆ ಮತ್ತು ತಣ್ಣನೆಯ ಶಾವಿಗೆ ಬಿದ್ದಾಗ ನೀರಿನ ಬಿಸಿ ಹೆಚ್ಚು ಇಳಿಯುವುದಿಲ್ಲ. ಉದಾಹರಣೆಗೆ, 2 ಲೀಟರ್ ಕುದಿಯುವ ನೀರಿಗೆ 200 ಗ್ರಾಂ ಶಾವಿಗೆ ಹಾಕಿದಾಗ ಉಷ್ಣತೆ ಸುಮಾರು 3 ಡಿಗ್ರಿಯಷ್ಟು ಮಾತ್ರ ಇಳಿಯುತ್ತದೆ. ಅಷ್ಟೇ ಶಾವಿಗೆಯನ್ನು ಅರ್ಧ ಲೀಟರ್ ನೀರಿಗೆ ಹಾಕಿದರೆ ಸುಮಾರು 10 ಡಿಗ್ರಿಯಷ್ಟು ಇಳಿದು ಕುದಿ ನಿಂತುಹೋಗುತ್ತದೆ. ತೆಳುವಾದ ಶಾವಿಗೆ ಎರಡು ಮೂರು ನಿಮಿಷದಲ್ಲಿ ಬೇಯುವ ಪದಾರ್ಥವಾದ್ದರಿಂದ, ನೀರು ಮತ್ತೆ ಕುದಿಯುವ ಹೊತ್ತಿಗೆ ಅದು ತಳದಲ್ಲಿ ಕುಳಿತು ಮುದ್ದೆಯಾಗಿರುತ್ತದೆ.

ದಪ್ಪನೆಯ ಒಣ ಪಾಸ್ತಾಕ್ಕೆ ಈ ನಿಯಮ ಅಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ. ಮೇಲಿನ ಲೆಕ್ಕದ ಅರ್ಧಕ್ಕಿಂತ ಕಡಿಮೆ ನೀರಿನಲ್ಲಿಯೂ, ತಣ್ಣೀರಿನಿಂದಲೇ ಆರಂಭಿಸಿಯೂ ಅದನ್ನು ಬೇಯಿಸಬಹುದು. ನೀರು ಬಿಸಿಯಾಗುವವರೆಗೆ ಮತ್ತು ಕುದಿ ಬಂದ ಮೇಲೂ ಆಗಾಗ ಕಲಕುತ್ತಿರಬೇಕೆಂಬುದು ಇದರ ಷರತ್ತು. ಹೀಗೆ ಮಾಡಿದಾಗ ಬಸಿದ ನೀರು ಹೆಚ್ಚು ಗಟ್ಟಿಯಾಗಿರುವುದರಿಂದ ಗೊಜ್ಜಿಗೆ ಇನ್ನೂ ಒಳ್ಳೆಯದಾಗುತ್ತದೆ. ಕೊಳವೆಬಾವಿಯನ್ನು ನೆಚ್ಚಿಕೊಂಡು ಬೇಸಿಗೆಯಲ್ಲಿ ನೀರನ್ನು ಅಳೆದು ಬಳಸುವ ಊರುಗಳಲ್ಲಿ ಈ ಕ್ರಮ ಉಪಯುಕ್ತ. ಆದರೆ ತೆಳು ಶಾವಿಗೆ, ಹಸಿ ನೂಡಲ್ಸ್ ಮತ್ತು ಮೊಟ್ಟೆ ಬೆರೆಸಿದ ನೂಡಲ್ಸ್‌ಗೆ ತಣ್ಣೀರಿನ ಆರಂಭ ಒಗ್ಗುವುದಿಲ್ಲ. ಅವು ಬಿಸಿಯಾಗುವ ಮೊದಲೇ ನೆನೆದು ಹಿಟ್ಟಾಗುತ್ತವೆ.

ನೀರು ಕುದಿಯುವ ಉಷ್ಣತೆ ಊರಿನ ಎತ್ತರವನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರು–ಮಾಗಡಿ ಪ್ರದೇಶದಲ್ಲಿ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ 10 ನಿಮಿಷವೆಂದು ಮುದ್ರಿಸಿರುವ ಆಮದು ಪಾಸ್ತಾ ಇಲ್ಲಿ ಬೇಯಲು ಇನ್ನೂ ಒಂದೆರಡು ನಿಮಿಷ ಹೆಚ್ಚು ಹಿಡಿಯಬಹುದು. ಗಡಿಯಾರಕ್ಕಿಂತ ಒಂದು ಎಳೆಯನ್ನು ತೆಗೆದು ಪರೀಕ್ಷಿಸುವುದು ಹೆಚ್ಚು ನಂಬಲರ್ಹ.

ಕೊಳವೆಬಾವಿಯ ಗಡಸು ನೀರಿನಿಂದ ಮತ್ತೊಂದು ತೊಡಕಿದೆ. ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟುವಂಥ ನೀರು ಕುದಿದಾಗ ಕ್ಷಾರಗುಣ ಪಡೆಯುತ್ತದೆ. ಕ್ಷಾರಗುಣದ ನೀರಿನಲ್ಲಿ ಎಳೆಯ ಹೊರಮೈಯಿಂದ ಹೆಚ್ಚು ಪಿಷ್ಟ ಬಿಟ್ಟುಕೊಂಡು ಮೇಲ್ಮೈ ಜಿಗುಟಾಗುತ್ತದೆ. ಅಂಥ ನೀರಿಗೆ 2 ಲೀಟರಿಗೆ ಒಂದು ಸಣ್ಣ ಚಮಚದಷ್ಟು ನಿಂಬೆರಸ ಹಾಕಿದರೆ ಈ ದೋಷ ಕಡಿಮೆಯಾಗುತ್ತದೆ. ಅಷ್ಟು ರಸದಿಂದ ಹುಳಿ ನಾಲಗೆಗೆ ತಿಳಿಯುವುದಿಲ್ಲ.

== ಉಪ್ಪಿನ ಪಾತ್ರ ==

ಉಪ್ಪು ಹಾಕಿದರೆ ನೀರು ಹೆಚ್ಚು ಬಿಸಿಯಾಗಿ ಬೇಗ ಬೇಯುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದಾಗ ಕುದಿಯುವ ಉಷ್ಣತೆ ಏರುವುದು ಒಂದು ಡಿಗ್ರಿಯ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬೇಯುವ ವೇಳೆಯಲ್ಲಿ ಇದರಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಈ ಪ್ರಮಾಣದ ಉಪ್ಪು ಅಂಟುವಿಕೆಯನ್ನೂ ಗಮನಾರ್ಹವಾಗಿ ತಡೆಯುವುದಿಲ್ಲ.

ಉಪ್ಪು ಹಾಕುವುದು ರುಚಿಗಾಗಿ. ಒಣ ಪಾಸ್ತಾ ಬೇಯುವಾಗ ತನ್ನ ತೂಕಕ್ಕಿಂತಲೂ ಹೆಚ್ಚು ನೀರನ್ನು ಹೀರಿಕೊಳ್ಳುತ್ತದೆ ಮತ್ತು ಆ ನೀರಿನೊಂದಿಗೆ ಉಪ್ಪೂ ಒಳಸೇರುತ್ತದೆ. 100 ಗ್ರಾಂ ಪಾಸ್ತಾ ಸುಮಾರು 130 ಗ್ರಾಂ ನೀರು ಹೀರಿತೆಂದರೆ, ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಉಪ್ಪು ಅದರೊಳಗೆ ಸೇರುತ್ತದೆ. ಉಳಿದ ಉಪ್ಪೆಲ್ಲವೂ ನೀರಿನಲ್ಲಿಯೇ ಇರುತ್ತದೆ. ಬೆಂದ ಮೇಲೆ ಹೊರಗಿನಿಂದ ಉದುರಿಸಿದ ಉಪ್ಪು ಎಳೆಯ ಮೇಲೆಯೇ ನಿಲ್ಲುತ್ತದೆ. ಆದ್ದರಿಂದಲೇ ಸಪ್ಪೆ ನೀರಿನಲ್ಲಿ ಬೆಂದ ಶಾವಿಗೆಯ ಉಪ್ಪಿಟ್ಟು ನಾಲಗೆಗೆ ಮೊದಲು ಉಪ್ಪಾಗಿ, ಅಗಿದಾಗ ಸಪ್ಪೆಯಾಗಿ ತೋರುತ್ತದೆ.

ಉಪ್ಪು ಹಾಕುವ ಪ್ರಮಾಣವನ್ನು ಮುಂದಿನ ಅಡುಗೆ ನೋಡಿ ನಿರ್ಧರಿಸಬೇಕು. ಒಗ್ಗರಣೆಗೂ ಉಪ್ಪು ಬೀಳುವ ಶಾವಿಗೆ ಉಪ್ಪಿಟ್ಟಿಗೆ ಲೀಟರಿಗೆ ಒಂದು ಸಣ್ಣ ಚಮಚ, ಅಂದರೆ ಸುಮಾರು 6 ಗ್ರಾಂ ಸಾಕು. ಸೋಯಾ ಸಾಸ್ ಬೆರೆಸಿ ಹುರಿಯುವ ನೂಡಲ್ಸ್‌ಗೆ ಇನ್ನೂ ಕಡಿಮೆ ಸಾಕು, ಏಕೆಂದರೆ ಸೋಯಾ ಸಾಸ್ ತಾನೇ ಬಹಳ ಉಪ್ಪಾಗಿರುತ್ತದೆ ಮತ್ತು ಹಲವು ಬಗೆಯ ನೂಡಲ್ಸ್‌ನ ಹಿಟ್ಟಿಗೆ ಮೊದಲೇ ಉಪ್ಪು ಸೇರಿಸಿರುತ್ತಾರೆ. ಹಾಲು, ಸಕ್ಕರೆ, ತುಪ್ಪದೊಂದಿಗೆ ಉಣ್ಣುವ ಬಸಿದ ಶಾವಿಗೆಗೆ ಒಂದು ಚಿಟಿಕೆಗಿಂತ ಹೆಚ್ಚು ಬೇಡ.

== ಒಂದು ಉದಾಹರಣೆ: ನಾಲ್ವರಿಗೆ ಶಾವಿಗೆ ಉಪ್ಪಿಟ್ಟು ==

ಶಾವಿಗೆ ಉಪ್ಪಿಟ್ಟನ್ನು ಎರಡು ರೀತಿಯಲ್ಲಿ ಮಾಡುತ್ತಾರೆ. ಒಗ್ಗರಣೆಗೆ ಅಳತೆಯ ನೀರು ಹಾಕಿ, ಕುದಿ ಬಂದಾಗ ಶಾವಿಗೆ ಸುರಿದು, ನೀರೆಲ್ಲ ಹೀರುವಂತೆ ಮುಚ್ಚಿಡುವುದು ಒಂದು ರೀತಿ. ಇದರಲ್ಲಿ ಬಸಿಯುವ ಕೆಲಸವಿಲ್ಲ, ನೀರೂ ಉಳಿತಾಯವಾಗುತ್ತದೆ. ಆದರೆ ಹೊರಬಂದ ಪಿಷ್ಟವೆಲ್ಲ ಪಾತ್ರೆಯಲ್ಲಿಯೇ ಉಳಿಯುವುದರಿಂದ ನೀರಿನ ಅಳತೆ ಸ್ವಲ್ಪ ಹೆಚ್ಚಾದರೂ ಉಪ್ಪಿಟ್ಟು ಮುದ್ದೆಯಾಗುತ್ತದೆ. ಬಸಿದು ಮಾಡುವುದು ಇನ್ನೊಂದು ರೀತಿ. ಇದರಲ್ಲಿ ಅಳತೆಯ ತಪ್ಪಿಗೆ ಅವಕಾಶ ಕಡಿಮೆ. 200 ಗ್ರಾಂ ಗೋಧಿ ಶಾವಿಗೆಗೆ ಅದರ ಕ್ರಮ ಹೀಗಿದೆ:

# ಶಾವಿಗೆಯನ್ನು ಒಂದು ಸಣ್ಣ ಚಮಚ ತುಪ್ಪದೊಂದಿಗೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ, ಅದು ತಿಳಿ ಹೊಂಬಣ್ಣಕ್ಕೆ ಬರುವವರೆಗೆ ಹುರಿಯಬೇಕು. ಹುರಿದಾಗ ಹೊರಮೈ ಬಿಗಿಯಾಗುತ್ತದೆ ಮತ್ತು ತುಪ್ಪದ ತೆಳು ಲೇಪ ಕೂರುತ್ತದೆ. ಹುರಿದ ಶಾವಿಗೆಯನ್ನೇ ಕೊಂಡಿದ್ದರೆ ಈ ಹಂತ ಬೇಕಿಲ್ಲ.
# ಅಗಲವಾದ ಪಾತ್ರೆಯಲ್ಲಿ 2 ಲೀಟರ್ ನೀರನ್ನು ಮುಚ್ಚಿ ಕುದಿಸಿ, ಎರಡು ಸಣ್ಣ ಚಮಚ ಉಪ್ಪು ಹಾಕಿ ಕಲಕಬೇಕು.
# ನೀರು ಕೊತಕೊತ ಕುದಿಯುವಾಗ ಶಾವಿಗೆಯನ್ನು ಉದುರಿಸಿ ಹಾಕಬೇಕು. ಒಂದೇ ಕಡೆ ರಾಶಿ ಸುರಿಯಬಾರದು. ಮೊದಲ ಒಂದು ನಿಮಿಷ ಸೌಟಿನ ಹಿಡಿಯಿಂದಲೋ ಮುಳ್ಳುಚಮಚದಿಂದಲೋ ತಳದಿಂದ ಎತ್ತಿ ಬಿಡಿಸುತ್ತಿರಬೇಕು. ಪಾತ್ರೆಯನ್ನು ಮುಚ್ಚಬಾರದು, ಮುಚ್ಚಿದರೆ ನೊರೆ ಉಕ್ಕುತ್ತದೆ.
# ಎರಡು ನಿಮಿಷವಾದ ಕೂಡಲೇ ಒಂದು ಎಳೆಯನ್ನು ತೆಗೆದು ಬೆರಳುಗಳ ನಡುವೆ ಒತ್ತಿ ನೋಡಬೇಕು. ಎಳೆ ಬಾಗಬೇಕು, ಒತ್ತಿದರೆ ತುಂಡಾಗಬೇಕು, ಆದರೆ ಹಿಟ್ಟಾಗಿ ಬೆರಳಿಗೆ ಮೆತ್ತಬಾರದು. ಒಗ್ಗರಣೆಯಲ್ಲಿ ಮತ್ತೆ ಬಿಸಿಯಾಗುವುದರಿಂದ ಸ್ವಲ್ಪ ಬಿಗಿ ಇರುವಾಗಲೇ ಇಳಿಸುವುದು ಸರಿಯಾದ ಹದ.
# ಜರಡಿಯ ಕೆಳಗೆ ಇನ್ನೊಂದು ಪಾತ್ರೆ ಇಟ್ಟು ಬಸಿಯಬೇಕು. ಬಸಿದ ನೀರಿನ ಪಾತ್ರೆಯನ್ನು ಪಕ್ಕಕ್ಕೆ ಎತ್ತಿಟ್ಟ ಮೇಲೆ, ಜರಡಿಯ ಮೇಲೆ ಸುಮಾರು 1 ಲೀಟರ್ ತಣ್ಣೀರನ್ನು ಸುತ್ತ ಹರಡುವಂತೆ ಹುಯ್ಯಬೇಕು.
# ಜರಡಿಯನ್ನು ಕೊಡವಿ, ಎರಡು ಮೂರು ನಿಮಿಷ ನೀರಿಳಿಯಲು ಬಿಟ್ಟು, ಒಂದು ಚಮಚ ಎಣ್ಣೆ ಹಾಕಿ ಬೆರಳುಗಳಿಂದ ಹಗುರವಾಗಿ ಬಿಡಿಸಬೇಕು.
# ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಶಾವಿಗೆ ಸೇರಿಸಿ, ಅಡಿಯಿಂದ ಮೇಲಕ್ಕೆ ಎತ್ತಿ ಎರಡು ನಿಮಿಷ ಬಿಸಿ ಮಾಡಿ ಇಳಿಸಬೇಕು. ಸೌಟಿನಿಂದ ಒತ್ತಿ ತಿರುವಿದರೆ ಎಳೆ ಮುರಿದು ಒಳಗಿನ ಪಿಷ್ಟ ಹೊರಬಂದು ಮತ್ತೆ ಅಂಟುತ್ತದೆ.

ಹೀಗೆ ಮಾಡಿದಾಗ ಸುಮಾರು 450 ಗ್ರಾಂನಷ್ಟು ಬೆಂದ ಶಾವಿಗೆಯೂ ಸುಮಾರು ಒಂದೂವರೆ ಲೀಟರ್ ಬಸಿದ ನೀರೂ ದೊರೆಯುತ್ತವೆ. ಹಾಕಿದ 12 ಗ್ರಾಂ ಉಪ್ಪಿನಲ್ಲಿ ಬಹುಪಾಲು ಈ ನೀರಿನಲ್ಲಿಯೇ ಇರುತ್ತದೆ. ಅಷ್ಟೂ ನೀರನ್ನು ಸಾರಿಗೆ ಬಳಸುವುದಾದರೆ ಸಾರಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡುವುದು ಅವಶ್ಯಕ.

== ತೊಳೆಯುವುದು ಮತ್ತು ತೊಳೆಯದಿರುವುದು ==

ಬಸಿದ ಮೇಲೆ ತಣ್ಣೀರು ಹುಯ್ಯುವುದರಿಂದ ಎರಡು ಕೆಲಸಗಳಾಗುತ್ತವೆ. ಎಳೆಯೊಳಗಿನ ಬಿಸಿ ಇಳಿದು ಬೇಯುವುದು ನಿಲ್ಲುತ್ತದೆ ಮತ್ತು ಹೊರಮೈಯ ಪಿಷ್ಟದ ಪದರ ತೊಳೆದುಹೋಗುತ್ತದೆ. ಎಳೆಗಳು ಬಿಡಿಬಿಡಿಯಾಗಿ ಉಳಿಯಬೇಕಾದ ಅಡುಗೆಗಳಿಗೆ ಇದು ಅನುಕೂಲ. ಶಾವಿಗೆ ಉಪ್ಪಿಟ್ಟು, ಶಾವಿಗೆ ಚಿತ್ರಾನ್ನ, ಹುರಿದ ನೂಡಲ್ಸ್, ತಣ್ಣಗೆ ತಿನ್ನುವ ಪಾಸ್ತಾ ಕೋಸಂಬರಿ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಹಕ್ಕಾ ನೂಡಲ್ಸ್ ಎಂದು ಮಾರಾಟವಾಗುವ ಗೋಧಿ ನೂಡಲ್ಸನ್ನು ತೊಳೆದು, ಎಣ್ಣೆ ಸವರಿ, ಚೆನ್ನಾಗಿ ಆರಿದ ಮೇಲೆಯೇ ದೊಡ್ಡ ಉರಿಯ ಬಾಣಲೆಗೆ ಹಾಕುತ್ತಾರೆ. ತೇವ ಉಳಿದಿದ್ದರೆ ಅದು ಹುರಿಯುವ ಬದಲು ಹಬೆಯಲ್ಲಿ ಬೆಂದು ಬಾಣಲೆಗೆ ಹಿಡಿಯುತ್ತದೆ.

ಗೊಜ್ಜು ಅಥವಾ ಸಾಸ್ ಮೆತ್ತಿಕೊಳ್ಳಬೇಕಾದ ಬಿಸಿ ಪಾಸ್ತಾವನ್ನು ತೊಳೆಯಬಾರದು. ಅಲ್ಲಿ ಹೊರಮೈಯ ಪಿಷ್ಟವೇ ಸಾಸನ್ನು ಹಿಡಿದಿಡುವ ಅಂಟು. ತೊಳೆದ ಪಾಸ್ತಾದ ಮೇಲೆ ಟೊಮೇಟೊ ಸಾಸ್ ನಿಲ್ಲದೆ ತಟ್ಟೆಯ ತಳಕ್ಕೆ ಇಳಿದು ನೀರು ನೀರಾಗಿ ಕಾಣುತ್ತದೆ. ಎಣ್ಣೆ ಸವರಿದರೂ ಇದೇ ತೊಂದರೆ. ಅಂಟುವ ಭಯಕ್ಕೆ ಇಲ್ಲಿ ಪರಿಹಾರವೆಂದರೆ ಸಾಸನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಬಸಿದ ಒಂದು ನಿಮಿಷದೊಳಗೆ ಬೆರೆಸುವುದು. ಪಾಸ್ತಾ ಸಾಸಿಗಾಗಿ ಕಾಯುವಂತಾಗಬಾರದು.

ಉತ್ತರ ಕರ್ನಾಟಕದಲ್ಲಿ ಬಸಿದ ಶಾವಿಗೆಯನ್ನು ಬಿಸಿಯಾಗಿ ಹಾಲು, ತುಪ್ಪ, ಸಕ್ಕರೆ ಅಥವಾ ಬೆಲ್ಲದೊಂದಿಗೆ ಬಡಿಸುತ್ತಾರೆ. ಅಲ್ಲಿ ಶಾವಿಗೆಗೆ ಜವೆ ಗೋಧಿಯಂಥ ಗಟ್ಟಿ ಗೋಧಿಯ ರವೆಯನ್ನು ಬಳಸುವ ರೂಢಿಯಿದೆ. ಗಟ್ಟಿ ಗೋಧಿಯ ಶಾವಿಗೆ ಮೈದಾ ಶಾವಿಗೆಯಷ್ಟು ಬೇಗ ಒಡೆಯುವುದಿಲ್ಲ. ಬಡಿಸಿದ ಕೂಡಲೇ ತುಪ್ಪ ಬೀಳುವುದರಿಂದ ತೊಳೆಯುವ ಅಗತ್ಯವೂ ಇರುವುದಿಲ್ಲ. ಇಟಲಿಯ ಒಣ ಪಾಸ್ತಾಕ್ಕೆ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯನ್ನೇ ಬಳಸುವುದಕ್ಕೂ ಇದೇ ಕಾರಣ. ಪೊಟ್ಟಣದ ಮೇಲೆ ಮೈದಾ ಎಂದಿದೆಯೇ, ಗಟ್ಟಿ ಗೋಧಿಯ ರವೆ ಎಂದಿದೆಯೇ ಎಂಬುದನ್ನು ಓದಿಕೊಂಡರೆ ಅದು ಎಷ್ಟರಮಟ್ಟಿಗೆ ಅಂಟಬಹುದೆಂಬುದನ್ನು ಮೊದಲೇ ಊಹಿಸಬಹುದು.

== ರಾಗಿ ಮತ್ತು ಅಕ್ಕಿ ಶಾವಿಗೆ ==

ರಾಗಿಯಲ್ಲಿಯೂ ಅಕ್ಕಿಯಲ್ಲಿಯೂ ಗ್ಲುಟೆನ್ ಇಲ್ಲ. ಪಿಷ್ಟವನ್ನು ಹಿಡಿದಿಡುವ ಬಲೆ ಇಲ್ಲದ ಕಾರಣ ಒಣ ರಾಗಿ ಶಾವಿಗೆಯನ್ನು ಗೋಧಿ ಶಾವಿಗೆಯಂತೆ ಕುದಿಯುವ ನೀರಿಗೆ ಹಾಕಿದರೆ ಅದು ಕರಗಿ ಅಂಬಲಿಯಂತಾಗುತ್ತದೆ. ಅದನ್ನು ಉಪ್ಪು ಬೆರೆಸಿದ ತಣ್ಣೀರಿನಲ್ಲಿ ಎರಡು ಮೂರು ನಿಮಿಷ ಮಾತ್ರ ನೆನೆಸಿ, ನೀರನ್ನು ಪೂರ್ತಿ ಬಸಿದು, ಇಡ್ಲಿ ತಟ್ಟೆಯಲ್ಲಿ ಅಥವಾ ಜರಡಿಯಲ್ಲಿ ಹರಡಿ ಐದಾರು ನಿಮಿಷ ಹಬೆಯಲ್ಲಿ ಬೇಯಿಸುತ್ತಾರೆ. ಇಲ್ಲಿ ಉಪ್ಪು ಸೇರುವುದು ನೆನೆಸುವ ನೀರಿನಿಂದಲೇ. ನೆನೆಯುವುದು ಹೆಚ್ಚಾದರೆ ಎಳೆಗಳು ತುಂಡಾಗುತ್ತವೆ, ಕಡಿಮೆಯಾದರೆ ಹಬೆಯಲ್ಲಿಯೂ ಗಟ್ಟಿಯಾಗಿಯೇ ಉಳಿಯುತ್ತವೆ. ಬೆಂದ ಶಾವಿಗೆಯನ್ನು ಬಿಸಿಯಿರುವಾಗ ಮುಟ್ಟದೆ, ತಟ್ಟೆಗೆ ಹರವಿ ಸ್ವಲ್ಪ ಆರಿದ ಮೇಲೆ ಬಿಡಿಸಬೇಕು.

ಹಳೆ ಮೈಸೂರು ಮತ್ತು ಮಲೆನಾಡಿನ ಮನೆಗಳಲ್ಲಿ ಮಾಡುವ ಒತ್ತು ಶಾವಿಗೆಯಲ್ಲಿ ಈ ಸಮಸ್ಯೆಯನ್ನು ಬೇರೆಯೇ ರೀತಿಯಲ್ಲಿ ಪರಿಹರಿಸಲಾಗಿದೆ. ಅಕ್ಕಿ ಅಥವಾ ರಾಗಿಯ ಹಿಟ್ಟನ್ನು ಮೊದಲು ಕಾಯಿಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಅಥವಾ ಹಬೆಯಲ್ಲಿ ಬೇಯಿಸಿ, ಬಿಸಿಯಾಗಿರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತುತ್ತಾರೆ. ಎಂದರೆ ಪಿಷ್ಟ ಬೇಯುವುದು ಮೊದಲು, ಎಳೆಯಾಗುವುದು ಆಮೇಲೆ. ಒತ್ತಿದ ಶಾವಿಗೆ ಮತ್ತೆ ನೀರಿಗೆ ಬೀಳುವುದಿಲ್ಲವಾದ್ದರಿಂದ ಕರಗುವ ಭಯವಿಲ್ಲ. ಉಂಡೆ ಒಳಗೆ ಬೇಯದಿದ್ದರೆ ಎಳೆ ಒರಳಿನಿಂದ ತುಂಡುತುಂಡಾಗಿ ಬೀಳುತ್ತದೆ. ಉಂಡೆ ಆರಿಹೋದರೆ ಒತ್ತಲು ಆಗದಷ್ಟು ಬಿಗಿಯಾಗುತ್ತದೆ. ಹೀಗೆ ಒತ್ತಿದ ಶಾವಿಗೆಯನ್ನು ಕಾಯಿಹಾಲಿನೊಂದಿಗೆ ಅಥವಾ ಒಗ್ಗರಣೆ ಹಾಕಿ ತಿನ್ನುತ್ತಾರೆ.

== ತತ್‌ಕ್ಷಣದ ನೂಡಲ್ಸ್ ==

ಜಪಾನಿನಲ್ಲಿ 1958ರಲ್ಲಿ ಮೊಮೊಫುಕು ಆಂಡೊ ಅವರು ಮಾರುಕಟ್ಟೆಗೆ ತಂದ, ಭಾರತದಲ್ಲಿ 1983ರಿಂದ ಮ್ಯಾಗಿಯ ಮೂಲಕ ಮನೆಮಾತಾದ ತತ್‌ಕ್ಷಣದ ನೂಡಲ್ಸ್ ಬಸಿಯುವ ವಿಧಾನಕ್ಕೆ ಹೊರತಾದುದು. ಅದನ್ನು ಕಾರ್ಖಾನೆಯಲ್ಲಿಯೇ ಹಬೆಯಲ್ಲಿ ಬೇಯಿಸಿ, ಸಾಮಾನ್ಯವಾಗಿ ಎಣ್ಣೆಯಲ್ಲಿ ಕರಿದು ಒಣಗಿಸಿರುತ್ತಾರೆ. ಆದ್ದರಿಂದ ಅಳತೆಯ ನೀರಿನಲ್ಲಿಯೇ ಅದು ಬೇಗ ಮೃದುವಾಗುತ್ತದೆ ಮತ್ತು ಬಿಟ್ಟುಕೊಂಡ ಪಿಷ್ಟವೇ ಮಸಾಲೆಯೊಂದಿಗೆ ಸೇರಿ ಗಟ್ಟಿ ರಸವಾಗುತ್ತದೆ.

== ಬಸಿದ ನೀರಿನ ಬಳಕೆ ==

ಬಸಿದ ನೀರು ಮಬ್ಬಾಗಿ ಕಾಣುವುದು ಅದರಲ್ಲಿ ಕದಡಿರುವ ಪಿಷ್ಟದಿಂದ. ಪಾಸ್ತಾ ಅಡುಗೆಯಲ್ಲಿ ಇದರ ಮುಖ್ಯ ಉಪಯೋಗ ಎಣ್ಣೆ ಮತ್ತು ನೀರನ್ನು ಒಂದುಗೂಡಿಸುವುದು. ಎಣ್ಣೆ, ಬೆಣ್ಣೆ ಅಥವಾ ಚೀಸ್ ಇರುವ ಸಾಸಿಗೆ ಸಾದಾ ನೀರು ಹಾಕಿದರೆ ಎಣ್ಣೆ ಬೇರೆಯಾಗಿ ತೇಲುತ್ತದೆ. ಪಿಷ್ಟದ ನೀರು ಹಾಕಿ ಕಲಕಿದರೆ ಎಣ್ಣೆಯ ಸಣ್ಣ ಹನಿಗಳು ಮತ್ತೆ ಒಂದುಗೂಡದಂತೆ ಪಿಷ್ಟ ತಡೆಯುತ್ತದೆ ಮತ್ತು ಸಾಸ್ ನುಣುಪಾಗಿ ಪಾಸ್ತಾವನ್ನು ಸುತ್ತಿಕೊಳ್ಳುತ್ತದೆ. 200 ಗ್ರಾಂ ಪಾಸ್ತಾಕ್ಕೆ ಬಸಿಯುವ ಮುನ್ನವೇ ಒಂದು ಲೋಟ ನೀರನ್ನು ತೆಗೆದಿಟ್ಟುಕೊಂಡು, ಬಾಣಲೆಯಲ್ಲಿ ಸಾಸ್ ಮತ್ತು ಪಾಸ್ತಾ ಬೆರೆಸುವಾಗ ಎರಡು ಮೂರು ಚಮಚದಂತೆ ಸೇರಿಸುತ್ತಾ ಹೋಗಬೇಕು. ಸಾಸ್ ಚಮಚದ ಬೆನ್ನಿಗೆ ತೆಳುವಾಗಿ ಹಿಡಿದಾಗ ನಿಲ್ಲಿಸಬೇಕು. ತಟ್ಟೆಗೆ ಬಡಿಸುವ ಹೊತ್ತಿಗೆ ಅದು ಇನ್ನಷ್ಟು ಗಟ್ಟಿಯಾಗುವುದರಿಂದ ಸ್ವಲ್ಪ ತೆಳುವಾಗಿಯೇ ಇಳಿಸುವುದು ಒಳ್ಳೆಯದು. ಈ ನೀರಿನಲ್ಲಿ ಉಪ್ಪಿರುವುದರಿಂದ, ಬತ್ತಿದಂತೆ ಉಪ್ಪಿನ ರುಚಿ ಹೆಚ್ಚುವುದರಿಂದ ಸಾಸಿಗೆ ಉಪ್ಪನ್ನು ಕೊನೆಯಲ್ಲಿ ಹಾಕಬೇಕು.

ಶಾವಿಗೆ ಬಸಿದ ನೀರನ್ನು ಬೇಳೆ ಸಾರು, ತರಕಾರಿ ಹುಳಿ ಮತ್ತು ಪಲ್ಯಗಳಿಗೆ ಸಾದಾ ನೀರಿನ ಬದಲಿಗೆ ಬಳಸಬಹುದು. ಬಸ್ಸಾರಿಗೆ ಕಾಳು ಬಸಿದ ಕಟ್ಟು ಕಡಿಮೆ ಬಿದ್ದಾಗ ಇದನ್ನು ಸೇರಿಸಬಹುದಾದರೂ ಇದರಲ್ಲಿ ಕಾಳಿನ ರುಚಿ ಇರುವುದಿಲ್ಲ, ಸಾರಿಗೆ ಮಂದತೆ ಮಾತ್ರ ಬರುತ್ತದೆ. ಚಪಾತಿ ಹಿಟ್ಟನ್ನು ಕಲಸಲೂ ಇದು ಆಗುತ್ತದೆ, ಆಗ ಹಿಟ್ಟಿಗೆ ಬೇರೆ ಉಪ್ಪು ಬೇಡ. ಉಪ್ಪು ಹಾಕದೆ ಬಸಿದ ನೀರು ಅನ್ನದ ಗಂಜಿಯಂತೆಯೇ ಹತ್ತಿ ಬಟ್ಟೆಗೆ ಗಂಜಿ ಹಾಕಲು ಮತ್ತು ದನಗಳ ಕಲಗಚ್ಚಿಗೆ ಬೆರೆಸಲು ಬರುತ್ತದೆ. ಉಪ್ಪು ಬೆರೆತ ನೀರನ್ನು ಗಿಡಗಳ ಬುಡಕ್ಕೆ ಹುಯ್ಯಬಾರದು. ಮಣ್ಣಿನಲ್ಲಿ ಉಪ್ಪು ನಿಂತು ಬೇರಿಗೆ ಕೆಡುಕಾಗುತ್ತದೆ.

ಬಸಿದ ನೀರು ಆರಿದ ಮೇಲೆ ತಳದಲ್ಲಿ ಬಿಳಿಯ ಗಸಿ ನಿಲ್ಲುವುದು ಅಥವಾ ಸ್ವಲ್ಪ ಲೋಳೆಯಾಗುವುದು ಸಹಜ. ಕಲಕಿ ಬಿಸಿ ಮಾಡಿದರೆ ಮೊದಲಿನಂತಾಗುತ್ತದೆ. ಆದರೆ ಪಿಷ್ಟದ ನೀರು ಬೇಗ ಹುಳಿಯುವ ಪದಾರ್ಥ. ಹೊರಗಿಟ್ಟಿದ್ದನ್ನು ಅದೇ ಹೊತ್ತಿನ ಅಡುಗೆಗೆ ಮುಗಿಸಬೇಕು. ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಉಳಿಯುತ್ತದೆ. ಹುಳಿ ವಾಸನೆ ಬಂದಿದ್ದರೆ, ನೊರೆ ಅಥವಾ ದಾರದಂಥ ಲೋಳೆ ಕಂಡರೆ ಚೆಲ್ಲಿಬಿಡಬೇಕು.

== ಅಂಟಿದ ಎಳೆಗಳನ್ನು ಬಿಡಿಸುವುದು ==

ಅಂಟಿಕೊಂಡ ಎಳೆಗಳನ್ನು ಬಿಡಿಸಬಹುದೇ ಎಂಬುದು ಅವು ಯಾವ ಹಂತದಲ್ಲಿ ಅಂಟಿದವು ಎಂಬುದರ ಮೇಲೆ ನಿಂತಿದೆ. ಬಸಿದ ಮೇಲೆ ಆರಿ ಗಡ್ಡೆಕಟ್ಟಿದ ಶಾವಿಗೆ ಅಥವಾ ಪಾಸ್ತಾದಲ್ಲಿ ಅಂಟು ಹೊರಮೈಯಲ್ಲಿ ಮಾತ್ರ ಇರುತ್ತದೆ. ಅದನ್ನು ಜರಡಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಎತ್ತಿದರೆ, ಇಲ್ಲವೆ ಎರಡು ನಿಮಿಷ ಹಬೆಯಲ್ಲಿಟ್ಟರೆ ಸಡಿಲವಾಗುತ್ತದೆ. ಕೈಯಿಂದ ಎಳೆದು ಬಿಡಿಸಲು ಹೋದರೆ ಎಳೆಗಳು ಹರಿಯುತ್ತವೆ. ಫ್ರಿಜ್‌ನಲ್ಲಿಟ್ಟ ಶಾವಿಗೆ ಗಟ್ಟಿಯಾಗಿ ಒಣಗಿದಂತಾಗುವುದು ಪಿಷ್ಟ ತಣಿದಾಗ ಮತ್ತೆ ಬಿಗಿದುಕೊಳ್ಳುವುದರಿಂದ. ಅದಕ್ಕೂ ಇದೇ ಪರಿಹಾರ ಸಲ್ಲುತ್ತದೆ.

ನೀರಿಗೆ ಹಾಕಿದ ಮೊದಲ ನಿಮಿಷದಲ್ಲಿ ಬೆಸೆದುಕೊಂಡ ಗಂಟುಗಳನ್ನು ಬಿಡಿಸುವುದು ಕಷ್ಟ. ಅವುಗಳ ಒಳಭಾಗ ಬೇಯುವವರೆಗೆ ಕುದಿಸಿದರೆ ಉಳಿದ ಎಳೆಗಳು ಅತಿಯಾಗಿ ಬೆಂದುಹೋಗುತ್ತವೆ. ಗಂಟುಗಳನ್ನು ಆರಿಸಿ ತೆಗೆದು ಉಳಿದುದನ್ನು ಬಸಿದುಕೊಳ್ಳುವುದೊಂದೇ ದಾರಿ. ಅತಿಯಾಗಿ ಬೆಂದು ಮುದ್ದೆಯಾದ ಶಾವಿಗೆ ಉಪ್ಪಿಟ್ಟಿಗೆ ಬರುವುದಿಲ್ಲ. ಹಾಲು ಮತ್ತು ಬೆಲ್ಲ ಅಥವಾ ಸಕ್ಕರೆ ಸೇರಿಸಿ ಅದನ್ನು ಪಾಯಸ ಮಾಡಬಹುದು, ನೀರಿಗೆ ಹೆಚ್ಚು ಉಪ್ಪು ಹಾಕಿರಬಾರದು ಅಷ್ಟೆ. ಉಪ್ಪು ಬಿದ್ದಿದ್ದರೆ ಹಿಟ್ಟು, ಈರುಳ್ಳಿ, ಕೊತ್ತಂಬರಿ ಸೊಪ್ಪು ಬೆರೆಸಿ ಕಾವಲಿಯ ಮೇಲೆ ರೊಟ್ಟಿಯಂತೆ ತಟ್ಟಿ ಬೇಯಿಸಬಹುದು.

== ಇವನ್ನೂ ನೋಡಿ ==

* ಶಾವಿಗೆ
* ಬಸ್ಸಾರು
* ಪಾಸ್ತಾ
* ಪಿಷ್ಟ
* ರಾಗಿ